ಆರು ಸ್ಲೈಡ್, ಒಂದೇ ಕೌಂಟರ್: ಕ್ಯಾಶ್ ಅನ್ನು ಬಿಡಿಸಿ ಹೇಳಿದ್ದು ಹೀಗೆ

"ಮಾಹಿತಿ ಬದಲಿಸಿ ಆಗಲೇ ಹೊತ್ತಾಯ್ತು. ನನಗೆ ಹೊಸದು ಕಾಣ್ತಿದೆ, ಗ್ರಾಹಕರಿಗೆ ಇನ್ನೂ ಹಳೇದೇ ಕಾಣ್ತಿದೆಯಂತೆ. ಯಾರದು ಸರಿ?" ನಮ್ಮ ಕಸ್ಟಮರ್ ಸಪೋರ್ಟ್ ತಂಡದವರು ಮತ್ತೆ ಮತ್ತೆ ಕೇಳುತ್ತಿದ್ದ ಪ್ರಶ್ನೆ ಇದು. ಕಾರಣ ಕ್ಯಾಶ್, ಅಂದರೆ ಒಮ್ಮೆ ತಂದ ಮಾಹಿತಿಯನ್ನು ಮತ್ತೆ ಬೇಗ ಕೊಡಲು ಹತ್ತಿರದಲ್ಲೇ ಇಟ್ಟುಕೊಂಡ ಪ್ರತಿ, ಅಂತ ನಮಗೆ ಗೊತ್ತು. ಆದರೆ ಅಷ್ಟು ಹೇಳಿದರೆ ಅವರಿಗೆ ಉಪಯೋಗವಿಲ್ಲ. ಗ್ರಾಹಕರಿಗೆ ಏನು ಹೇಳಬೇಕು, ಎಷ್ಟು ಹೊತ್ತು ಕಾಯಿರಿ ಅನ್ನಬೇಕು, ಅದು ಬೇಕು. ಹಾಗಾಗಿ ಆರು ಸ್ಲೈಡ್ ಮಾಡಲು ಕೂತೆ.

ಹೋಲಿಕೆ ಆರಿಸುವಾಗ ಒಂದೇ ವಿಷಯ ನೋಡಿದೆ. ಸಾಫ್ಟ್‌ವೇರ್ ಹೇಗೆ ಕೆಲಸ ಮಾಡುತ್ತದೆ ಅಂತ ತೋರಿಸಿದರೆ ಸಾಲದು, ಅದು ತಪ್ಪುವ ರೀತಿಯಲ್ಲೇ ಹೋಲಿಕೆಯೂ ತಪ್ಪಬೇಕು. ಕ್ಯಾಶ್ ವೇಗ ಕೊಡುತ್ತದೆ ಅಂತ ಹೇಳಲು ಯಾವ ಹೋಲಿಕೆಯಾದರೂ ನಡೆಯುತ್ತದೆ. ಹಳೇ ಉತ್ತರ ಯಾಕೆ ಬಂತು ಅನ್ನುವ ಹೊತ್ತಿಗೆ ಹೆಚ್ಚಿನವು ಕೈಕೊಡುತ್ತವೆ. ಕೊನೆಗೆ ಉಳಿದದ್ದು ವಿಚಾರಣೆ ಕೌಂಟರ್. ಮುಂದೆ ಗುಮಾಸ್ತರು, ಹಿಂದೆ ದಾಖಲೆ ಕೋಣೆ, ಅಲ್ಲೊಂದು ದೊಡ್ಡ ರಿಜಿಸ್ಟರ್.

ಮೊದಲ ಸ್ಲೈಡಿನಲ್ಲಿ ಹೋಲಿಕೆಯೇ ಇಲ್ಲ. ಸಪೋರ್ಟ್ ತಂಡದವರ ದೂರನ್ನೇ ಅವರ ಮಾತಿನಲ್ಲೇ ದೊಡ್ಡದಾಗಿ ಬರೆದೆ. ತಮ್ಮದೇ ಪ್ರಶ್ನೆ ಕಂಡರೆ ಜನ ಉತ್ತರಕ್ಕೆ ಕಾಯುತ್ತಾರೆ, ಅಲ್ವಾ?

ಎರಡನೇ ಸ್ಲೈಡಿನಲ್ಲಿ ಕೌಂಟರ್ ಬಂತು. ಒಬ್ಬರು ಬಂದು "ಅರ್ಜಿ ಕೊಡೋದು ಯಾವ ಕೋಣೆಯಲ್ಲಿ?" ಅಂತ ಕೇಳುತ್ತಾರೆ. ಗುಮಾಸ್ತ ಎದ್ದು ಒಳಗೆ ಹೋಗಿ, ರಿಜಿಸ್ಟರ್ ನೋಡಿ ಬಂದು "4ನೇ ಕೋಣೆ" ಅನ್ನುತ್ತಾನೆ. ಹೋಗಿ ಬರಲು 2 ನಿಮಿಷ. ಹೀಗಾದರೆ 15 ನಿಮಿಷದಲ್ಲಿ ಬರೀ ಏಳು ಜನಕ್ಕೆ ಉತ್ತರ. ಕೇಳುವವರೆಲ್ಲ ಕೇಳುವುದು ಅದೇ ಪ್ರಶ್ನೆ.

ಮೂರನೇ ಸ್ಲೈಡಿಗೆ ಚಿತ್ರ ಅದೇ, ಮೇಜಿನ ಮೇಲೆ ಒಂದು ಚೀಟಿ ಮಾತ್ರ ಹೊಸದು: "ಅರ್ಜಿ: ಕೋಣೆ 4". ಮೊದಲನೆಯವರಿಗೆ 2 ನಿಮಿಷ ಹಿಡಿಯಿತು. ಆಮೇಲೆ ಬಂದವರಿಗೆ ಚೀಟಿ ನೋಡಿ 10 ಸೆಕೆಂಡಿನಲ್ಲಿ ಉತ್ತರ. ಅದೇ 15 ನಿಮಿಷದಲ್ಲಿ ಎಪ್ಪತ್ತಕ್ಕೂ ಜಾಸ್ತಿ ಜನ. ಈ ಸ್ಲೈಡ್ ಮೇಲೆ ಹೆಚ್ಚು ಹೊತ್ತು ನಿಲ್ಲಲಿಲ್ಲ, ಇದು ಎಲ್ಲರಿಗೂ ಸಲೀಸಾಗಿ ಹೊಳೆಯುತ್ತದೆ.

ಎರಡನೇ ಸ್ಲೈಡಿನಿಂದ ಮುಂದಕ್ಕೆ ಚಿತ್ರ ಒಂದೇ ಇಟ್ಟಿದ್ದು ಬೇಕಂತಲೇ. ಪ್ರತಿ ಸಲ ಒಂದೇ ಒಂದು ವಸ್ತು ಬದಲಾಗಬೇಕು. ಹೊಸ ಚಿತ್ರ ಬಂದರೆ ಓದುವವರು ಮೊದಲು ಚಿತ್ರ ಅರ್ಥ ಮಾಡಿಕೊಳ್ಳಬೇಕು, ಆಮೇಲೆ ವಿಷಯ. ಸುಮ್ನೆ ಎರಡು ಕೆಲಸ. ಚಿತ್ರದ ಕೆಳಗೆ ಒಂದೇ ಸಾಲು, ಅದರಲ್ಲಿ ತಾಂತ್ರಿಕ ಪದ ಬೇಡ.

ನಾಲ್ಕನೆಯದಕ್ಕೆ ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿಕೊಂಡೆ. ಇಲ್ಲಿ ಪಕ್ಕದಲ್ಲಿ ಎರಡನೇ ಕೌಂಟರ್ ಸೇರಿಸಿದೆ. ಗಡಿಯಾರದ ಹೊತ್ತು ಹೀಗೆ ನಡೆಯುತ್ತದೆ. 10:00ಕ್ಕೆ ಮೊದಲ ಕೌಂಟರ್ ಚೀಟಿ ಬರೆಯಿತು, ಕೋಣೆ 4. 10:05ಕ್ಕೆ ಒಳಗೆ ರಿಜಿಸ್ಟರ್ ತಿದ್ದಿದರು, ಕೋಣೆ 7. 10:07ಕ್ಕೆ ಎರಡನೇ ಕೌಂಟರಿಗೆ ಒಬ್ಬರು ಬಂದರು. ಅಲ್ಲಿ ಚೀಟಿ ಇರಲಿಲ್ಲ, ಗುಮಾಸ್ತ ಒಳಗೆ ಹೋಗಿ ನೋಡಿ "7" ಅಂದ. 10:10ಕ್ಕೆ ಮೊದಲ ಕೌಂಟರಿಗೆ ಬಂದವರಿಗೆ ಸಿಕ್ಕ ಉತ್ತರ "4".

ಕೆಳಗಿನ ಸಾಲು: "ಇಬ್ಬರು ಗುಮಾಸ್ತರೂ ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದಾರೆ." ಒಬ್ಬರಿಗೆ ಹೊಸದು, ಇನ್ನೊಬ್ಬರಿಗೆ ಹಳೇದು ಕಾಣುವುದು ಇದರಿಂದಲೇ. ಕೌಂಟರ್ ಒಂದೇ ಇದ್ದರೆ ಈ ಗೊಂದಲ ತೋರಿಸಲು ಆಗುವುದೇ ಇಲ್ಲ.

ಐದನೇ ಸ್ಲೈಡ್ ಪರಿಹಾರದ್ದು. ಚೀಟಿಯ ಮೂಲೆಯಲ್ಲಿ ಒಂದು ಸಮಯ ಬರೆಯುತ್ತೇವೆ: "10:15ರ ತನಕ". ಆಮೇಲೆ ಯಾರಾದರೂ ಕೇಳಿದರೆ ಮತ್ತೆ ಒಳಗೆ ಹೋಗಿ ನೋಡಬೇಕು. ಈ ಅವಧಿ 1 ನಿಮಿಷ ಮಾಡಿದರೆ ಗುಮಾಸ್ತನಿಗೆ ಓಡಾಟವೇ ಓಡಾಟ. ಇಡೀ ದಿನ ಮಾಡಿದರೆ ಹಳೇ ಉತ್ತರವೂ ದಿನವಿಡೀ ಇರುತ್ತದೆ. ಎಷ್ಟು ಹಳೇದಾದರೂ ಪರವಾಗಿಲ್ಲ ಅಂತ ನಿರ್ಧರಿಸಬೇಕಾದವರು ವಿಷಯ ಬಲ್ಲವರು, ಪ್ರೋಗ್ರಾಂ ಬರೆಯುವವರಲ್ಲ. ಇದನ್ನು ಸ್ಲೈಡಿನಲ್ಲೇ ಬರೆದೆ. ಇನ್ನೊಂದು ದಾರಿ, ರಿಜಿಸ್ಟರ್ ತಿದ್ದಿದ ಕೂಡಲೇ ಒಳಗಿನಿಂದ ಗಂಟೆ ಬಾರಿಸಿ "ಆ ಚೀಟಿ ಹರಿದುಹಾಕಿ" ಅನ್ನುವುದು. ಹಳೇದು ತಕ್ಷಣ ಹೋಗುತ್ತದೆ. ಆದರೆ ಗಂಟೆ ಎಲ್ಲ ಕೌಂಟರಿಗೂ ಕೇಳಿಸಬೇಕು.

ಒಂದು ಜಾಗಕ್ಕೆ ಮಾತ್ರ ಆ ಗಂಟೆ ಕೇಳಿಸುವುದಿಲ್ಲ. ಉತ್ತರವನ್ನು ತಮ್ಮ ಪುಸ್ತಕದಲ್ಲೇ ಬರೆದುಕೊಂಡು ಹೋದವರು ಮತ್ತೆ ಕೌಂಟರಿಗೆ ಬರುವುದೇ ಇಲ್ಲವಲ್ಲ. ಅವರದು ಬ್ರೌಸರ್ ಕ್ಯಾಶ್. ಗ್ರಾಹಕರಿಗೆ Ctrl+F5 ಒತ್ತಿ ಅನ್ನುವುದು ಅದಕ್ಕೇ: ಪುಸ್ತಕ ಬದಿಗಿಟ್ಟು ಕೌಂಟರಿಗೇ ಬನ್ನಿ ಅಂತ. ಕೌಂಟರಿನ ಚೀಟಿಯೇ ಹಳೇದಾಗಿದ್ದರೆ ಇದರಿಂದಲೂ ಕೆಲಸ ಆಗದೇ ಇರಬಹುದು. ಒತ್ತಿದ ಮೇಲೂ ಹಳೇದೇ ಬಂದರೆ ತೊಂದರೆ ನಮ್ಮ ಕಡೆ ಇರುವ ಸಾಧ್ಯತೆ ಜಾಸ್ತಿ, ಆಗ ನಮಗೆ ತಿಳಿಸಿ ಅಂತ ಹೇಳಿದೆ.

ಇಷ್ಟಾದ ಮೇಲೆ ಆರನೇ ಸ್ಲೈಡಿನಲ್ಲಿ ನಿಜವಾದ ಹೆಸರುಗಳನ್ನು ಕೊಟ್ಟೆ. ರಿಜಿಸ್ಟರ್ ಅಂದರೆ ಡೇಟಾಬೇಸ್, ಕೌಂಟರ್ ಅಂದರೆ ಸರ್ವರ್, ಚೀಟಿ ಅಂದರೆ ಕ್ಯಾಶ್. ಚೀಟಿಯ ಮೇಲಿನ ಸಮಯ ಹೀಗಿರುತ್ತದೆ:

```
Cache-Control: max-age=900
```

ಲೆಕ್ಕ ಸೆಕೆಂಡಿನಲ್ಲಿ. 900 ಅಂದರೆ 15 ನಿಮಿಷ.

ಅದೇ ಸ್ಲೈಡಿನಲ್ಲಿ ಹೋಲಿಕೆ ಎಲ್ಲಿ ಮುರಿಯುತ್ತದೆ ಅಂತಲೂ ಬರೆದೆ. ಮನುಷ್ಯ ಗುಮಾಸ್ತ ಪಕ್ಕದವನ ಉತ್ತರ ಕೇಳಿಸಿಕೊಂಡು "ಏನೋ ಬದಲಾಗಿದೆ" ಅಂತ ಅನುಮಾನ ಪಡುತ್ತಾನೆ. ಸರ್ವರ್‌ಗೆ ಆ ಅನುಮಾನ ಬರುವುದಿಲ್ಲ. ಸಮಯ ಮುಗಿಯಬೇಕು, ಇಲ್ಲವೇ ಗಂಟೆ ಬರಬೇಕು. ಇದನ್ನು ಬರೆಯದೆ ಬಿಟ್ಟರೆ "ಪಕ್ಕದ ಕೌಂಟರ್ ಕೇಳಬಾರದಿತ್ತಾ?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ.

ಜಾಗ ಸಾಲದೆ ಮೇಜು ತುಂಬಿದಾಗ ಯಾವ ಚೀಟಿ ಎಸೆಯಬೇಕು ಅನ್ನುವುದನ್ನು ಪೂರ್ತಿ ಕೈಬಿಟ್ಟೆ. ಅದು ಎಂಜಿನಿಯರುಗಳ ತಲೆನೋವು, ಸಪೋರ್ಟ್ ತಂಡದವರ ಪ್ರಶ್ನೆಗೆ ಅದು ಬೇಕಿಲ್ಲ.

ತೋರಿಸಿದ ಮೇಲೆ "ಅರ್ಥ ಆಯ್ತಾ?" ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ. ಬದಲಿಗೆ ನಾಲ್ಕನೇ ಸ್ಲೈಡಿಗೆ ಮರಳಿ, ಚೀಟಿಯ ಮೇಲೆ 10:15 ಇದೆ, ಗಂಟೆ ಇಲ್ಲ ಅಂದುಕೊಳ್ಳಿ ಅಂದೆ. ಮೊದಲ ಕೌಂಟರಿಗೆ 10:12ಕ್ಕೆ ಬಂದವರಿಗೆ ಏನು ಉತ್ತರ? 10:16ಕ್ಕೆ ಬಂದವರಿಗೆ? "4" ಆಮೇಲೆ "7" ಅಂದವರಿಗೆ ವಿಷಯ ಹಿಡಿದಿದೆ. ಎರಡಕ್ಕೂ "7" ಅಂದರೆ ರಿಜಿಸ್ಟರ್ ತಿದ್ದಿದ ತಕ್ಷಣ ಚೀಟಿಯೂ ತಾನಾಗಿ ಬದಲಾಗುತ್ತದೆ ಅಂತ ಅವರು ಇನ್ನೂ ನಂಬಿದ್ದಾರೆ ಅಂತ ಅರ್ಥ. ಆಗ ಮೂರನೇ ಸ್ಲೈಡಿಗೆ ಹೋಗಿ, ಚೀಟಿ ಬರೆದವರು ಯಾರು, ಯಾವಾಗ ಬರೆದರು ಅಂತ ಕೇಳಬೇಕು.

ಒಬ್ಬರು ಒಳ್ಳೇ ಪ್ರಶ್ನೆ ಕೇಳಿದರು: "ಗಂಟೆ ಬಾರಿಸಿದ್ದು ಯಾವುದೋ ಕೌಂಟರಿಗೆ ಕೇಳಿಸದೇ ಹೋದರೆ?" ಹಾಗೂ ಆಗುತ್ತದೆ, ನೆಟ್‌ವರ್ಕ್ ಕೈಕೊಟ್ಟರೆ ಸಂದೇಶ ತಲುಪುವುದಿಲ್ಲ. ಅದಕ್ಕೇ ಗಂಟೆ ಇದ್ದರೂ ಚೀಟಿಯ ಮೇಲೆ ಸಮಯ ಬರೆಯುವುದನ್ನು ಬಿಡುವುದಿಲ್ಲ. ಗಂಟೆ ಕೇಳಿಸಿದರೆ ತಕ್ಷಣ ಸರಿಹೋಗುತ್ತದೆ, ಕೇಳಿಸದಿದ್ದರೆ ಆ ಕೌಂಟರಿನ ಚೀಟಿ ಹೆಚ್ಚೆಂದರೆ 15 ನಿಮಿಷ ಹಳೇದಾಗಿರುತ್ತದೆ. ಈ ಉತ್ತರವನ್ನು ಐದನೇ ಸ್ಲೈಡಿನ ಟಿಪ್ಪಣಿಗೆ ಸೇರಿಸಿದೆ.