ಹೊಟ್ಟೆಯ ಕಿಟ್, ತೊಡೆಯ ನೋವು

ಅವರು ಅಡಿಕೆ ಬೆಳೆಗಾರರು, ವಯಸ್ಸು 58. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿಕೊಂಡವರು. ಆವತ್ತಿನಿಂದ ರಾತ್ರಿ ಊಟ ಆದ ಮೇಲೆ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಜಾತಿಯ ಮಾತ್ರೆ ಅಟೋರ್ವಾಸ್ಟಾಟಿನ್ 40 ಮಿ.ಗ್ರಾಂ. ತಪ್ಪದೆ ನುಂಗುತ್ತಿದ್ದರು. 148 ಇದ್ದ ಕೆಟ್ಟ ಕೊಲೆಸ್ಟ್ರಾಲ್ ಅಂದರೆ ಎಲ್‌ಡಿಎಲ್ 74ಕ್ಕೆ ಇಳಿದಿತ್ತು. ಈ ಎರಡು ವರ್ಷದಲ್ಲಿ ಒಂದು ದಿನವೂ ಮೈಕೈ ನೋವು ಅಂದವರಲ್ಲ.

ಆ ಸಲ ಬಂದಾಗ ಎರಡೂ ತೊಡೆ ನೋಯುತ್ತೆ ಅಂದರು. ಅಡಿಕೆ ಕೊಯ್ಲಿನ ಸಮಯ. ಇಡೀ ದಿನ ಓಡಾಟ, ಎತ್ತುವುದು, ಇಳಿಸುವುದು. ‘ಬೇರೆ ಮಾತ್ರೆ ಏನಾದರೂ ಶುರು ಮಾಡಿದ್ದೀರಾ?’ ಅಂತ ಕೇಳಿದೆ. ‘ಇಲ್ಲ’ ಅಂದರು. ಪ್ಯಾರಾಸಿಟಮಾಲ್ ಬರೆದು ಕಳಿಸಿದೆ. ತಪ್ಪು ಮಾಡಿದ್ದು ಅಲ್ಲೇ.

ನಾಲ್ಕು ದಿನ ಬಿಟ್ಟು ಮತ್ತೆ ಬಂದರು, ಈ ಸಲ ಹೆಂಡತಿಯ ಜೊತೆ. ‘ಡಾಕ್ಟ್ರೇ, ಅಡಿಕೆ ಸುಲಿಯೋಕೆ ಕೂತ್ರೆ ಏಳೋಕೇ ಆಗಲ್ಲ. ಕೈ ಊರಿ ಏಳ್ಬೇಕು’ ಅಂದರು. ಕೈ ಕಟ್ಟಿಕೊಂಡು ಕುರ್ಚಿಯಿಂದ ಎದ್ದು ತೋರಿಸಿ ಅಂದೆ. ಮೂರು ಸಲ ಪ್ರಯತ್ನಪಟ್ಟರು, ಆಗಲಿಲ್ಲ. ಸುಸ್ತಿನ ನೋವು ಬೇರೆ, ಶಕ್ತಿ ಹೋಗುವುದು ಬೇರೆ. ದುಡಿದು ಬರುವ ನೋವು ಸಾಮಾನ್ಯವಾಗಿ ಯಾವ ಕಡೆ ಭಾರ ಬಿತ್ತೋ ಅಲ್ಲಿರುತ್ತದೆ, ಎರಡು ದಿನ ಮಲಗಿದರೆ ಹೋಗುತ್ತದೆ. ಸ್ಟಾಟಿನ್ ಮಾಡುವ ತೊಂದರೆ ಎರಡೂ ಪಕ್ಕದ ದೊಡ್ಡ ಸ್ನಾಯುಗಳಲ್ಲಿ, ಅಂದರೆ ತೊಡೆ, ಸೊಂಟ, ಭುಜಗಳಲ್ಲಿ ಕೂರುತ್ತದೆ.

ಸಿಕೆ ಪರೀಕ್ಷೆ ಮಾಡಿಸಿದೆ. ಅದು ಸ್ನಾಯುವಿನ ಜೀವಕೋಶ ಒಡೆದಾಗ ರಕ್ತಕ್ಕೆ ಸೋರುವ ಕಿಣ್ವ. ಆ ಲ್ಯಾಬಿನಲ್ಲಿ 200ರ ಒಳಗಿದ್ದರೆ ಸರಿ. ಇವರದ್ದು 2,860. ಕೊಯ್ಲಿನ ಕೆಲಸದಿಂದಲೂ ಸಿಕೆ ಏರುತ್ತದೆ, ಸೊಂಟಕ್ಕೆ ಇಂಜೆಕ್ಷನ್ ಹಾಕಿಸಿಕೊಂಡರೂ ಏರುತ್ತದೆ. ಆದರೆ ಮಿತಿಯ ಹತ್ತು ಪಟ್ಟು ದಾಟಿ, ಜೊತೆಗೆ ಶಕ್ತಿಯೂ ಇಲ್ಲ ಅಂದರೆ ಕೆಲಸದ ಮೇಲೆ ಹಾಕುವಂತಿಲ್ಲ. ಸ್ಟಾಟಿನ್ ಅವತ್ತೇ ನಿಲ್ಲಿಸಿದೆ. ಮುಂದಿನ ಭಯ ಕಿಡ್ನಿಯದು. ಸ್ನಾಯು ಜಾಸ್ತಿ ಒಡೆದರೆ ಅದರೊಳಗಿನ ಮಯೋಗ್ಲೋಬಿನ್ ಅನ್ನುವ ಪ್ರೋಟೀನ್ ಮೂತ್ರಕ್ಕೆ ಬಂದು ಕಪ್ಪು ಟೀ ಬಣ್ಣ ಆಗುತ್ತದೆ. ಮೂತ್ರದ ಪಟ್ಟಿಯಲ್ಲಿ ‘ರಕ್ತ ಇದೆ’ ಅಂತ ತೋರಿಸಿ, ಮೈಕ್ರೋಸ್ಕೋಪಿನಲ್ಲಿ ಕೆಂಪು ಕಣವೇ ಕಾಣದಿದ್ದರೆ ಅದರ ಗುಮಾನಿ ಪಡಬೇಕು. ಇವರ ಮೂತ್ರ ಮಾಮೂಲಾಗಿತ್ತು. ಕ್ರಿಯಾಟಿನಿನ್, ಪೊಟ್ಯಾಸಿಯಂ ಸರಿ ಇದ್ದವು. ಚೆನ್ನಾಗಿ ನೀರು ಕುಡಿಯಿರಿ, ಕೆಲಸ ಬಿಡಿ, ಮೂತ್ರದ ಬಣ್ಣ ಬದಲಾದರೆ ರಾತ್ರಿಯಾದರೂ ಬನ್ನಿ ಅಂದೆ. ಥೈರಾಯ್ಡ್ ಕಡಿಮೆಯಾದರೆ ಕೊಲೆಸ್ಟ್ರಾಲೂ ಏರುತ್ತದೆ, ಸಿಕೆಯೂ ಏರುತ್ತದೆ. ಹಾಗಾಗಿ ಟಿಎಸ್‌ಎಚ್ ಕೂಡ ನೋಡಿದೆ. ಅದೂ ಸರಿ ಇತ್ತು.

ಹಾಗಾದರೆ ಎರಡು ವರ್ಷ ಒಗ್ಗಿದ್ದ ಮಾತ್ರೆ ಈಗ ಯಾಕೆ ತಿರುಗಿಬಿತ್ತು? ಔಷಧಿ ಚೀಲ ಟೇಬಲ್ ಮೇಲೆ ಸುರಿಯಿರಿ ಅಂದೆ. ಗೊತ್ತಿರುವ ಮಾತ್ರೆಗಳೇ. ಕೊನೆಗೆ ಚೀಲದ ತಳದಿಂದ ಒಂದು ದಪ್ಪ ಪ್ಯಾಕ್ ಬಿತ್ತು, ಒಂದು ದಿನದ ಮಾತ್ರೆ ಮಾತ್ರ ಉಳಿದಿತ್ತು. ‘ಅದು ಹೊಟ್ಟೆಗೆ ಡಾಕ್ಟ್ರೇ, ಗ್ಯಾಸ್ಟ್ರಿಕ್ ಹುಳಕ್ಕೆ ಅಂತ ಕೊಟ್ಟಿದ್ರು. ನಾಳೆ ಮುಗಿಯುತ್ತೆ’ ಅಂದರು ಅವರ ಹೆಂಡತಿ. ಹೊಟ್ಟೆಯ ಬ್ಯಾಕ್ಟೀರಿಯಾ ಎಚ್. ಪೈಲೋರಿಯ ಹದಿನಾಲ್ಕು ದಿನದ ಕಿಟ್. ಒಳಗೆ ಕ್ಲಾರಿಥ್ರೋಮೈಸಿನ್ ಅನ್ನುವ ಆಂಟಿಬಯೋಟಿಕ್. ಅವರ ಲೆಕ್ಕದಲ್ಲಿ ಅದು ‘ಮಾತ್ರೆ ಶುರು ಮಾಡಿದ್ದು’ ಅಲ್ಲವೇ ಅಲ್ಲ, ಎರಡು ವಾರದ ಕೋರ್ಸ್ ಅಷ್ಟೇ.

ಇಲ್ಲಿ ಸ್ಟಾಟಿನ್ ಕೆಲಸ ಮಾಡುವ ಬಗೆ ಸ್ವಲ್ಪ ಹೇಳಬೇಕು. ಲಿವರ್ ಕೊಲೆಸ್ಟ್ರಾಲ್ ತಯಾರಿಸಲು ಎಚ್‌ಎಂಜಿ-ಕೋಎ ರಿಡಕ್ಟೇಸ್ ಅನ್ನುವ ಕಿಣ್ವ ಬೇಕು. ಸ್ಟಾಟಿನ್ ಅದನ್ನು ತಡೆಯುತ್ತದೆ. ಮನೆಯಲ್ಲಿ ದಾಸ್ತಾನು ಕಡಿಮೆಯಾಯಿತು ಅಂತ ಲಿವರ್ ತನ್ನ ಮೇಲ್ಮೈಯಲ್ಲಿ ಎಲ್‌ಡಿಎಲ್ ಹಿಡಿಯುವ ರಿಸೆಪ್ಟರ್‌ಗಳನ್ನು ಹೆಚ್ಚಿಸುತ್ತದೆ, ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ. ನಮಗೆ ಬೇಕಾದ ಲಾಭ ಈ ಎರಡನೇ ಹೆಜ್ಜೆಯಿಂದ. ಹೀಗಾಗಿ ಸ್ಟಾಟಿನ್ ಲಿವರ್‌ನಲ್ಲೇ ಇದ್ದರೆ ಒಳ್ಳೆಯದು, ರಕ್ತದಲ್ಲಿ ಜಾಸ್ತಿ ಉಳಿದರೆ ಸ್ನಾಯುವಿಗೆ ಕಷ್ಟ. ಅಟೋರ್ವಾಸ್ಟಾಟಿನ್, ಸಿಮ್ವಾಸ್ಟಾಟಿನ್‌ಗಳನ್ನು ಕರಗಿಸಿ ಹೊರಹಾಕುವುದು ಸಿವೈಪಿ3ಎ4 ಅನ್ನುವ ಕಿಣ್ವ. ಕ್ಲಾರಿಥ್ರೋಮೈಸಿನ್ ಅದನ್ನೇ ಕಟ್ಟಿಹಾಕುತ್ತದೆ. ಆಗ ರಕ್ತದಲ್ಲಿ ಅಟೋರ್ವಾಸ್ಟಾಟಿನ್ ನಾಲ್ಕು ಪಟ್ಟಿಗಿಂತಲೂ ಜಾಸ್ತಿ ಆಗಬಹುದು. ಇವರು ಬಾಯಿಗೆ ಹಾಕಿಕೊಂಡಿದ್ದು 40, ಸ್ನಾಯುವಿಗೆ ಬಿದ್ದ ಹೊರೆ ಬೇರೆಯೇ. ಕಿಟ್ ನಡೆಯುವ ಹದಿನಾಲ್ಕು ದಿನ ಅಟೋರ್ವಾಸ್ಟಾಟಿನ್ ನಿಲ್ಲಿಸಿದ್ದರೆ ಅಥವಾ ಸಿವೈಪಿ3ಎ4 ಹೆಚ್ಚು ಬೇಡದ ರೋಸುವಾಸ್ಟಾಟಿನ್‌ಗೆ ಬದಲಿಸಿದ್ದರೆ ಇದು ಆಗುತ್ತಿರಲಿಲ್ಲ.

ಐದನೇ ದಿನ ಸಿಕೆ 940. ಮೂರು ವಾರಕ್ಕೆ 150ರ ಹತ್ತಿರ. ಕೈ ಕಟ್ಟಿಕೊಂಡು ಎದ್ದು ತೋರಿಸಿದರು. ಇಲ್ಲಿ ಇಳಿಯದೆ ಏರುತ್ತಲೇ ಹೋಗಿದ್ದರೆ ನಾನು ಬೇರೆ ದಾರಿ ಹಿಡಿಯಬೇಕಿತ್ತು. ಅಪರೂಪಕ್ಕೆ ಕೆಲವರಲ್ಲಿ ದೇಹ ಆ ರಿಡಕ್ಟೇಸ್ ಕಿಣ್ವದ ವಿರುದ್ಧವೇ ಆಂಟಿಬಾಡಿ ಮಾಡಿಕೊಳ್ಳುತ್ತದೆ. ಆಗ ಮಾತ್ರೆ ಬಿಟ್ಟರೂ ಸ್ನಾಯು ಒಡೆಯುವುದು ನಿಲ್ಲುವುದಿಲ್ಲ. ಅವರಿಗೆ ಸ್ಟಾಟಿನ್ ಮತ್ತೆ ಕೊಡುವಂತಿಲ್ಲ.

ಇವರ ತೊಂದರೆಗೆ ಕಾರಣ ಕಿಟ್ ಅಂತ ಗೊತ್ತಾಗಿತ್ತು. ನ್ಯಾಯವಾಗಿ ಅಟೋರ್ವಾಸ್ಟಾಟಿನನ್ನೇ ಮತ್ತೆ ಕೊಡಬಹುದಿತ್ತು. ಅವರು ಒಪ್ಪಲಿಲ್ಲ. ‘ಆ ಹೆಸರು ಬೇಡ’ ಅಂದರು. ನಾನೂ ಜಗ್ಗಾಡಲಿಲ್ಲ. ಭಯದಲ್ಲಿ ನುಂಗಿದ ಮಾತ್ರೆಗೆ ನೋವು ಬೇಗ ಹತ್ತುತ್ತದೆ. ರೋಸುವಾಸ್ಟಾಟಿನ್ 5ರಿಂದ ಶುರು ಮಾಡಿದೆ. ಆರು ವಾರಕ್ಕೆ ಎಲ್‌ಡಿಎಲ್ 91, ಸಿಕೆ ಸರಿ, ನೋವಿಲ್ಲ.

ಸ್ಟೆಂಟ್ ಇದ್ದವರಿಗೆ ನಾನು 55ರ ಕೆಳಗೆ ಬಯಸುತ್ತೇನೆ. ಡೋಸ್ ಏರಿಸುತ್ತಾ ಹೋಗಬಹುದು, ಆದರೆ ಸ್ಟಾಟಿನ್ ಪ್ರತಿ ಸಲ ದುಪ್ಪಟ್ಟು ಮಾಡಿದರೂ ಸಿಗುವುದು ಸುಮಾರು ಶೇಕಡಾ 6ರಷ್ಟು ಹೆಚ್ಚಿನ ಇಳಿತ. ಅದಕ್ಕೆ ಎಜೆಟಿಮೈಬ್ 10 ಮಿ.ಗ್ರಾಂ. ಸೇರಿಸಿದೆ. ಸಣ್ಣ ಕರುಳಿನ ಗೋಡೆಯಲ್ಲಿ ಕೊಲೆಸ್ಟ್ರಾಲ್ ಒಳಗೆ ಬಿಡುವ ಎನ್‌ಪಿಸಿ1ಎಲ್1 ಅನ್ನುವ ಬಾಗಿಲಿದೆ. ಇದು ಅದನ್ನು ಮುಚ್ಚುತ್ತದೆ. ಊಟದ್ದಷ್ಟೇ ಅಲ್ಲ, ಪಿತ್ತದ ಜೊತೆ ಕರುಳಿಗೆ ಬಂದ ಕೊಲೆಸ್ಟ್ರಾಲೂ ವಾಪಸ್ ಹೋಗುವುದಿಲ್ಲ. ಅದಕ್ಕೇ ಶುದ್ಧ ಸಸ್ಯಾಹಾರಿಗಳಲ್ಲೂ ಕೆಲಸ ಮಾಡುತ್ತದೆ. ಸ್ನಾಯುವಿನ ಗೊಡವೆಗೆ ಇದು ಹೋಗುವುದು ತೀರಾ ಕಡಿಮೆ. ಎಲ್‌ಡಿಎಲ್ 72 ಆಯಿತು. ಆಮೇಲೆ ರೋಸುವಾಸ್ಟಾಟಿನ್ 10 ಮಾಡಿದೆ, 64. ಇನ್ನೂ 9 ಬಾಕಿ.

ನಡುವೆ ಅವರ ಮಗ ಟ್ರೈಗ್ಲಿಸರೈಡ್ 240 ಇದೆ, ಅದಕ್ಕೂ ಮಾತ್ರೆ ಕೊಡಿ ಅಂದ. ಅದಕ್ಕೆ ಇರುವುದು ಫೈಬ್ರೇಟ್. ಪಿಪಿಎಆರ್-ಆಲ್ಫಾ ಅನ್ನುವ ಸ್ವಿಚ್ ಒತ್ತಿ ಟ್ರೈಗ್ಲಿಸರೈಡ್ ಕರಗಿಸುವ ಕಿಣ್ವವನ್ನು ಚುರುಕು ಮಾಡುತ್ತದೆ. 500 ದಾಟಿ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಭಯ ಇದ್ದರೆ ನಾನೂ ಬರೆಯುತ್ತೇನೆ. 240ಕ್ಕೆ ಬೇಡ ಅಂದೆ, ಅನ್ನ ಮತ್ತು ಸಕ್ಕರೆ ಕಡಿಮೆ ಮಾಡಿಸಿದೆ. ಸ್ಟಾಟಿನ್ ಜೊತೆ ಫೆನೋಫೈಬ್ರೇಟ್ ಸೇರಿಸಿದ ದೊಡ್ಡ ಪ್ರಯೋಗದಲ್ಲಿ ಒಟ್ಟಾರೆ ಹೃದಯಾಘಾತ ತಗ್ಗಲಿಲ್ಲ. ಜೆಮ್‌ಫೈಬ್ರೋಜಿಲ್ ಅನ್ನುವ ಫೈಬ್ರೇಟನ್ನಂತೂ ಸ್ಟಾಟಿನ್ ಜೊತೆ ನಾನು ಮುಟ್ಟುವುದೇ ಇಲ್ಲ. ಸ್ಟಾಟಿನ್ ಹೊರಹೋಗುವ ದಾರಿಗಳನ್ನು ಅದು ಅಡ್ಡಗಟ್ಟುತ್ತದೆ. 2001ರಲ್ಲಿ ಸೆರಿವಾಸ್ಟಾಟಿನ್ ಮಾರುಕಟ್ಟೆಯಿಂದ ಹೋಗಿದ್ದು ಸ್ನಾಯು ಒಡೆದು ಆದ ಸಾವುಗಳಿಂದ, ಸತ್ತವರಲ್ಲಿ ಹಲವರು ಜೆಮ್‌ಫೈಬ್ರೋಜಿಲ್ ಕೂಡ ತೆಗೆದುಕೊಳ್ಳುತ್ತಿದ್ದರು.

ಈಗ ನಾನು ‘ಬೇರೆ ಮಾತ್ರೆ ಏನಾದರೂ?’ ಅಂತ ಕೇಳುವುದಿಲ್ಲ. ‘ಹೋದ ತಿಂಗಳು ಕೆಮ್ಮಿಗೆ, ಹೊಟ್ಟೆಗೆ, ಚರ್ಮಕ್ಕೆ ಯಾರ ಹತ್ತಿರ ಹೋಗಿದ್ರಿ?’ ಅಂತ ಕೇಳುತ್ತೇನೆ. ಹೋದ ವಾರ ಇವರ ಹೆಂಡತಿ ನಾನು ಕೇಳುವ ಮೊದಲೇ ಒಂದು ಸ್ಟ್ರಿಪ್ ಟೇಬಲ್ ಮೇಲಿಟ್ಟರು. ಗಜಕರ್ಣಕ್ಕೆ ಕೊಟ್ಟಿದ್ದು, ಇಟ್ರಾಕೊನಜೋಲ್. ಅದೂ ಸಿವೈಪಿ3ಎ4 ಕಟ್ಟಿಹಾಕುವ ಜಾತಿಯದ್ದೇ. ಅದು ಹೃದಯದ ಪಂಪಿಂಗ್ ತಗ್ಗಿಸಬಹುದು, ಅದಕ್ಕೇ ಹಳೆಯ ಎಕೋ ರಿಪೋರ್ಟ್ ತೆಗೆದು ಹೃದಯದ ಪಂಪಿಂಗ್ ಸರಿ ಇದೆ ಅಂತ ನೋಡಿಕೊಂಡೆ. ರೋಸುವಾಸ್ಟಾಟಿನ್‌ಗೆ ಇದರಿಂದ ಹೆಚ್ಚು ತೊಂದರೆ ಇಲ್ಲ, ನುಂಗಲಿ ಅಂದೆ. ‘ಹಳೇ ಮಾತ್ರೆ ಆಗಿದ್ರೆ?’ ಅಂದರು ಆಕೆ. ‘ಆಗಿದ್ರೆ ನಿಲ್ಲಿಸ್ತಿದ್ದೆ ಅಮ್ಮ’ ಅಂದೆ.