ಒಂದೇ ಪ್ಲಾಸ್ಮಿಡ್ ಮೇಲೆ ನಾಲ್ಕು ಔಷಧಿ: ಬಳ್ಳಾರಿ ನಾಲಾದ ಒಂದು ಇ. ಕೋಲೈ

ಬೆಳಗಾವಿಯ ಬಳ್ಳಾರಿ ನಾಲಾದ ನೀರಿನಲ್ಲಿ ಸಿಕ್ಕ ಒಂದು ಇ. ಕೋಲೈ ಎರಡು ತಿಂಗಳು ನನ್ನ ನಿದ್ದೆ ಕೆಡಿಸಿತ್ತು. ಸೆಫೊಟಾಕ್ಸಿಮ್, ಟ್ರೈಮೆಥೊಪ್ರಿಮ್, ಸ್ಪೆಕ್ಟಿನೊಮೈಸಿನ್, ಸಲ್ಫಾ, ಈ ನಾಲ್ಕು ಔಷಧಿಗೂ ಅದು ಬಗ್ಗುತ್ತಿರಲಿಲ್ಲ. ಇವನ್ನು ತಡೆಯುವ ಜೀನ್‌ಗಳು ಬೇರೆ ಬೇರೆ ಕಡೆ ಇವೆಯೋ, ಒಂದೇ ಪ್ಲಾಸ್ಮಿಡ್, ಅಂದರೆ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಡಿಎನ್‌ಎ ಉಂಗುರದ ಮೇಲೆ ಕೂತಿವೆಯೋ ಅನ್ನೋದು ನನ್ನ ಪ್ರಶ್ನೆ.

ಮೊದಲು ಕಾಂಜುಗೇಶನ್ ಮಾಡಿದೆ, ಅಂದರೆ ಎರಡು ಬ್ಯಾಕ್ಟೀರಿಯಾ ಬೆರೆಸಿ ಪ್ಲಾಸ್ಮಿಡ್ ದಾಟುತ್ತದೆಯೇ ಅಂತ ನೋಡಿದೆ. ಅಜೈಡ್ ತಡೆಯುವ, ಜೆ53 ಎಂಬ ಪ್ರಯೋಗಾಲಯದ ಇ. ಕೋಲೈ ತಳಿಯ ಜೊತೆ ನನ್ನ ಇ. ಕೋಲೈ ಬೆರೆಸಿ, ರಾತ್ರಿಯಿಡೀ 37 ಡಿಗ್ರಿಯಲ್ಲಿ ಇಟ್ಟೆ. ಮರುದಿನ ಸೋಡಿಯಂ ಅಜೈಡ್ (ಮಿ.ಲೀ.ಗೆ 100 ಮೈಕ್ರೋಗ್ರಾಂ) ಮತ್ತು ಸೆಫೊಟಾಕ್ಸಿಮ್ (2 ಮೈಕ್ರೋಗ್ರಾಂ) ಎರಡೂ ಇದ್ದ ಪ್ಲೇಟಿಗೆ ಹಾಕಿದೆ. ಬಂದ ಕಾಲೋನಿಗಳಲ್ಲಿ 50 ಆರಿಸಿ, ಉಳಿದ ಮೂರು ಔಷಧಿಯ ಪ್ಲೇಟುಗಳ ಮೇಲೆ ಒಂದೊಂದಾಗಿ ಮುಟ್ಟಿಸಿದೆ. ಎಲ್ಲವೂ ಬೆಳೆದವು. ಖುಷಿಯಿಂದ ಸೀನಿಯರ್‌ಗೆ ತೋರಿಸಿದರೆ ಅವರು ಸಲ್ಫಾ ಪ್ಲೇಟಿನ ಮೂಲೆ ನೋಡಿ, "ಬರೀ ಜೆ53ನೂ ಬೆಳದೈತಲ್ರೀ ಇಲ್ಲಿ, ಕಂಟ್ರೋಲ್ ನೋಡೀರೇನು?" ಅಂದರು.

ನಾನು ಸುಮ್ನೆ ಕೈಗೆ ಸಿಕ್ಕ ಎಲ್‌ಬಿ ಅಗಾರ್ ಬಳಸಿದ್ದೆ. ಅದರ ಯೀಸ್ಟ್ ಸಾರದಲ್ಲಿ ಥೈಮಿಡಿನ್ ಇರುತ್ತದೆ. ಸಲ್ಫಾ ಫೋಲೇಟ್ ದಾರಿ ಮುಚ್ಚಿದರೂ ಬ್ಯಾಕ್ಟೀರಿಯಾ ಆ ಥೈಮಿಡಿನ್ ತಿಂದು ಬದುಕುತ್ತದೆ. ಟ್ರೈಮೆಥೊಪ್ರಿಮ್‌ಗೂ ಇದೇ ತೊಂದರೆ. ಮುಲ್ಲರ್-ಹಿಂಟನ್ ಅಗಾರ್ ಮೇಲೆ ಮತ್ತೆ ಮಾಡಿದಾಗ ಜೆ53 ಬೆಳೆಯಲಿಲ್ಲ, ನನ್ನ 50 ಬೆಳೆದವು. ಅಷ್ಟಾದರೂ ಒಂದು ಅನುಮಾನ ಉಳಿಯಿತು. ಎರಡು ಪ್ಲಾಸ್ಮಿಡ್ ಒಟ್ಟಿಗೇ ದಾಟಿದ್ದರೂ ಫಲಿತಾಂಶ ಹೀಗೇ ಕಾಣುತ್ತದೆ, ಅಲ್ವಾ?

ಆಮೇಲೆ ಇಂಟೆಗ್ರಾನ್ ಹುಡುಕಿದೆ, ಅಂದರೆ ಜೀನ್‌ಗಳನ್ನು ಹಿಡಿದು ಸಾಲಾಗಿ ಜೋಡಿಸಿಕೊಳ್ಳುವ ಡಿಎನ್‌ಎ ಭಾಗ. ಕ್ಲಾಸ್ 1 ಇಂಟೆಗ್ರಾನಿನ ಎರಡು ತುದಿಗೂ ಹೆಚ್ಚುಕಮ್ಮಿ ಬದಲಾಗದ ಭಾಗ ಇರುತ್ತದೆ. ಅದಕ್ಕೆ ಕೂರುವ ಪ್ರೈಮರ್‌ಗಳು ಇವು:

```
5'CS  GGCATCCAAGCAGCAAG
3'CS  AAGCAGACTTGACCTGA
```

ಸುಮಾರು 1.7 ಕಿಲೋಬೇಸಿನ ಬ್ಯಾಂಡ್ ಬಂತು. ಸೀಕ್ವೆನ್ಸ್ ಮಾಡಿದರೆ dfrA17, ಅದರ ಹಿಂದೆ aadA5. ಮೊದಲನೆಯದು ಟ್ರೈಮೆಥೊಪ್ರಿಮ್‌ದು, ಎರಡನೆಯದು ಸ್ಪೆಕ್ಟಿನೊಮೈಸಿನ್‌ದು. ಇವೇ ಕ್ಯಾಸೆಟ್‌ಗಳು: ಒಂದು ಜೀನ್, ಅದರ ಬಾಲಕ್ಕೆ attC ಎಂಬ ಒಂದು ಜೋಡಣೆಯ ಗುರುತು. ಸಾಮಾನ್ಯವಾಗಿ ಇವಕ್ಕೆ ಜೀನನ್ನು ಚಾಲೂ ಮಾಡುವ ಸ್ವಂತ ಪ್ರೊಮೋಟರ್ ಇರುವುದಿಲ್ಲ. ಇಂಟೆಗ್ರಾನಿನ ಇಂಟೆಗ್ರೇಸ್ ಕಿಣ್ವ ಅವನ್ನು attI ಜಾಗಕ್ಕೆ ಸೇರಿಸುತ್ತದೆ. ಅಲ್ಲಿಂದಾಚೆ ಎಲ್ಲವೂ Pc ಅನ್ನುವ ಒಂದೇ ಪ್ರೊಮೋಟರನ್ನು ನಂಬಿಕೊಂಡಿರುತ್ತವೆ. ಘಟಪ್ರಭಾ ಕಾಲುವೆ ಕಂಡವರಿಗೆ ಇದು ತಟ್ಟನೆ ಹೊಳೆಯುತ್ತದೆ. ತಲೆಯ ಹೊಲಕ್ಕೆ ನೀರು ಜಾಸ್ತಿ, ಬಾಲದ ಹೊಲಕ್ಕೆ ಕಡಿಮೆ. ಹೊಸ ಕ್ಯಾಸೆಟ್ ಸಾಮಾನ್ಯವಾಗಿ ತಲೆಯಲ್ಲೇ ಬಂದು ಕೂರುತ್ತದೆ, ಹಳೆಯದು ಹಿಂದೆ ಸರಿಯುತ್ತದೆ. ಹಾಗಾಗಿ ಹಿಂದಿನ ಜೀನ್ ಇದ್ದೂ ಪ್ಲೇಟಿನಲ್ಲಿ ಮಂಕಾಗಿ ಕಾಣಬಹುದು. ಬ್ಯಾಂಡ್ ಬಾರದಿದ್ದರೂ ಇಂಟೆಗ್ರಾನ್ ಇಲ್ಲ ಅಂತ ಬರೆಯಬೇಡಿ. ಪ್ರೈಮರ್ ಕೂರುವ ಜಾಗವನ್ನೇ IS26 ಎಂಬ ಹಾರುವ ಡಿಎನ್‌ಎ ತುಣುಕು ಕತ್ತರಿಸಿರಬಹುದು.

ಸಲ್ಫಾದ sul1 ಅದೇ ಇಂಟೆಗ್ರಾನಿನ ಕೊನೆಯ ಭಾಗದಲ್ಲಿತ್ತು. ಸೆಫೊಟಾಕ್ಸಿಮ್‌ನ blaCTX-M-15 ಮಾತ್ರ ಕ್ಯಾಸೆಟ್ ಅಲ್ಲ. ಅದನ್ನು ಸಾಮಾನ್ಯವಾಗಿ ಹೊತ್ತು ತರುವುದು ISEcp1 ಎಂಬ ಇನ್ನೊಂದು ಹಾರುವ ತುಣುಕು. ಹಾಗಾದರೆ ಅದು ಇಂಟೆಗ್ರಾನ್ ಇರುವ ಪ್ಲಾಸ್ಮಿಡ್ ಮೇಲೇ ಇದೆಯೋ, ಬೇರೆ ಕಡೆಯೋ?

ಡಿಎನ್‌ಎಯನ್ನು ಚಿಕ್ಕ ಚಿಕ್ಕ ತುಂಡಾಗಿ ಓದಿ ಜೋಡಿಸುವ ಶಾರ್ಟ್ ರೀಡ್ ಅಸೆಂಬ್ಲಿ ಇಲ್ಲಿ ಕೈಕೊಟ್ಟಿತು. ಇಂಟೆಗ್ರಾನ್ ಒಂದು ಕಾಂಟಿಗ್‌ನಲ್ಲಿ, ಅಂದರೆ ಜೋಡಿಸಿ ಸಿಕ್ಕ ಒಂದು ತುಂಡಿನಲ್ಲಿ, blaCTX-M-15 ಇನ್ನೊಂದರಲ್ಲಿ. ಬೇರೆ ಬೇರೆ ಪ್ಲಾಸ್ಮಿಡ್ ಅಂತಲೇ ಬರೆದುಬಿಡುತ್ತಿದ್ದೆ. ಆದರೆ ಎರಡರ ತುದಿಯಲ್ಲೂ IS26ರ ಒಂದೇ ತುಣುಕು ಕಂಡಿತು. 820 ಬೇಸಿನ IS26 ಮಾತ್ರ ಇರುವ ಒಂದು ಪುಟ್ಟ ಕಾಂಟಿಗ್‌ನ ಡೆಪ್ತ್, ಅಂದರೆ ಅದನ್ನು ಓದಿದ ರೀಡ್‌ಗಳ ಸಂಖ್ಯೆ, ಅಕ್ಕಪಕ್ಕದವುಗಳ ಸುಮಾರು ಮೂರು ಪಟ್ಟಿತ್ತು. ಅಂದರೆ ಅದರ ಮೂರು ಪ್ರತಿಗಳಿವೆ. 150 ಬೇಸಿನ ರೀಡ್ 820ನ್ನು ದಾಟುವುದಿಲ್ಲ, ಅದಕ್ಕೇ ಅಸೆಂಬ್ಲರ್ ಅಲ್ಲೇ ನಿಂತುಬಿಟ್ಟಿತ್ತು.

ಲಾಂಗ್ ರೀಡ್ ಮಾಡಿಸಿದಾಗ ಒಂದೇ ರೀಡ್ ಇಡೀ ಸಾಲನ್ನು ಓದಿತ್ತು:

```
IS26-intI1-dfrA17-aadA5-qacEΔ1-sul1-...-IS26-ISEcp1-blaCTX-M-15-IS26
```

ಜೋಡಣೆ ಹೇಗಾಯಿತು ಅನ್ನುವುದಕ್ಕೆ ಈ ಸಾಲೇ ಸುಳಿವು. ಕ್ಲಾಸ್ 1 ಇಂಟೆಗ್ರಾನ್‌ಗಳು ಬಹುತೇಕ ತಮ್ಮಷ್ಟಕ್ಕೆ ತಾವೇ ಹಾರಲಾರವು, ಹಾರಿಸುವ ಜೀನ್‌ಗಳನ್ನು ಕಳೆದುಕೊಂಡಿವೆ. Tn21 ಥರದ ಟ್ರಾನ್ಸ್‌ಪೊಸಾನ್ ಅಥವಾ ಅಕ್ಕಪಕ್ಕದ IS26 ಅವನ್ನು ಹೊತ್ತೊಯ್ಯುತ್ತದೆ. ಒಂದು IS26 ಮತ್ತು ಅದರ ಪಕ್ಕದ ಜೀನ್ ಸೇರಿ ಉಂಗುರವಾಗಿ ಬಿಡಿಸಿಕೊಳ್ಳಬಲ್ಲದು. ಆ ಉಂಗುರ ಪ್ಲಾಸ್ಮಿಡ್ ಮೇಲೆ ಮೊದಲೇ ಇರುವ ಇನ್ನೊಂದು IS26ನ್ನು ಹುಡುಕಿ ಅದರ ಬದಿಗೇ ಸೇರುತ್ತದೆ. ಆಗ ಎರಡು ಹೊರೆಗಳ ನಡುವೆ ಒಂದೇ IS26 ಉಳಿಯುತ್ತದೆ. sul1 ದಾಟಿದ ಮೇಲೆ ನನಗೆ ಕಂಡ ಗುರುತು ಅದೇ. ಒಮ್ಮೆ IS26 ಇರುವ ಪ್ಲಾಸ್ಮಿಡ್ಡಿಗೆ ಮುಂದಿನ ಹೊರೆ ಸುಲಭವಾಗಿ ಬರುವುದೂ ಇದರಿಂದಲೇ.

ಕೊನೆಗೆ ಕಾಂಜುಗೇಶನ್ನನ್ನು ತಿರುಗಿಸಿ ಮಾಡಿದೆ. ಈ ಸಲ ಸೆಫೊಟಾಕ್ಸಿಮ್ ಮುಟ್ಟಿಸಲೇ ಇಲ್ಲ. ಮುಲ್ಲರ್-ಹಿಂಟನ್ ಅಗಾರ್‌ನಲ್ಲಿ ಅಜೈಡ್ ಜೊತೆ ಟ್ರೈಮೆಥೊಪ್ರಿಮ್ ಮಾತ್ರ ಇಟ್ಟು 50 ಕಾಲೋನಿ ಆರಿಸಿ, ಆಮೇಲೆ ಸೆಫೊಟಾಕ್ಸಿಮ್ ಪ್ಲೇಟಿಗೆ ಒಯ್ದೆ. ಮರುದಿನ ಬೆಳಗ್ಗೆ ಇನ್‌ಕ್ಯುಬೇಟರ್ ತೆಗೆದಾಗ ಜೆ53 ಇಟ್ಟ ಜಾಗ ಖಾಲಿ ಇತ್ತು, 50ಕ್ಕೆ 50 ಬೆಳೆದಿದ್ದವು.