ಜರ್ಮನಿಗೆ ಹೊಸದಾಗಿ ಬಂದೋರಿಗೆ: ಇನ್ಶುರೆನ್ಸ್ ಯಾವತ್ತಿಂದ ಶುರು, ಎಲ್ಲೆಲ್ಲಿ ತೂತು

ಮೊದಲೇ ಒಂದು ಮಾತು ಹೇಳ್ಬಿಡ್ತೀನಿ, ಇದೊಂದು ತಲೇಲಿದ್ರೆ ಉಳಿದಿದ್ದೆಲ್ಲ ತಾನಾಗೇ ಅರ್ಥ ಆಗುತ್ತೆ. ಇಲ್ಲಿಯ ಸರ್ಕಾರಿ ಹೆಲ್ತ್ ಇನ್ಶುರೆನ್ಸ್ ಶುರುವಾಗೋದು ನೀವು ಫ್ಲೈಟ್ ಇಳಿದ ದಿನ ಅಲ್ಲ, ವೀಸಾ ಶುರುವಾದ ದಿನಾನೂ ಅಲ್ಲ, ಪ್ಲಾಸ್ಟಿಕ್ ಕಾರ್ಡ್ ಮನೆಗೆ ಬಂದ ದಿನ ಅಂತೂ ಅಲ್ಲವೇ ಅಲ್ಲ. ಕೆಲಸದ ಕಾಂಟ್ರಾಕ್ಟ್ ಯಾವತ್ತು ಶುರುವೋ ಅವತ್ತು ಶುರು. ಬ್ಲೂ ಕಾರ್ಡ್ ಇರಲಿ ಬೇರೆ ವರ್ಕ್ ಪರ್ಮಿಟ್ ಇರಲಿ, ಇಲ್ಲಿಯ ಕಂಪನಿಯ ಪೇರೋಲ್‌ನಲ್ಲಿ ಸೇರೋರಿಗೆ ಲೆಕ್ಕ ಇದೇ. (ಬೆಂಗಳೂರಿನ ಕಂಪನಿ ಸಂಬಳ ಅಲ್ಲೇ ಕೊಟ್ಟು ಒಂದೆರಡು ವರ್ಷಕ್ಕೆ ಡೆಪ್ಯುಟೇಶನ್ ಮೇಲೆ ಕಳಿಸಿದೋರ ಕಥೆ ಬೇರೆ, ಅವರು ಸಾಮಾನ್ಯವಾಗಿ ಈ ವ್ಯವಸ್ಥೆಗೇ ಬರಲ್ಲ, ಕಂಪನಿ ಕೊಡೋ ಪಾಲಿಸೀನೇ ಅವರಿಗೆ ಗತಿ.)

ಹಾಗಾಗಿ ಮೊದಲನೇ ತೂತು ಎಲ್ಲಿ ಅಂದ್ರೆ ಬಂದಿಳಿದ ದಿನಕ್ಕೂ ಕೆಲಸಕ್ಕೆ ಸೇರೋ ದಿನಕ್ಕೂ ಮಧ್ಯೆ. ನಮ್ಮ ಬಿಲ್ಡಿಂಗ್‌ಗೆ ದಾವಣಗೆರೆ ಕಡೆ ಹುಡುಗ ಒಬ್ಬ ಬಂದಿದ್ದ, ಆಗಸ್ಟ್ 21ಕ್ಕೆ ಬಂದ, ಸೆಪ್ಟೆಂಬರ್ 1ಕ್ಕೆ ಜಾಯ್ನಿಂಗ್. ಜಾಣ, ವೀಸಾಗೆ ಅಂತ ತಗೊಂಡ ಟ್ರಾವೆಲ್ ಇನ್ಶುರೆನ್ಸ್‌ನ ಕರೆಕ್ಟಾಗಿ ಆಗಸ್ಟ್ 31ರ ತನಕ ಅಂತ ಲೆಕ್ಕ ಹಾಕಿ ತಗೊಂಡಿದ್ದ, ಒಂದು ದಿನಾನೂ ಜಾಸ್ತಿ ಇಲ್ಲ. ಆದ್ರೆ ಊರಿಂದ ಯಾವುದೋ ಬ್ಯಾಕ್‌ಗ್ರೌಂಡ್ ಚೆಕ್ ಪೇಪರ್ ಬರೋದು ತಡ ಆಯ್ತು ಅಂತ ಕಂಪನಿಯೋರು ಜಾಯ್ನಿಂಗ್ ಡೇಟನ್ನ 15ಕ್ಕೆ ಹಾಕಿದ್ರು, ಇವನು ಸರಿ ಅಂತ ಸೈನ್ ಮಾಡಿ ಕಳಿಸಿಬಿಟ್ಟ, ಡೇಟ್ ಮುಂದಕ್ಕೆ ಹೋದ್ರೆ ಇನ್ಶುರೆನ್ಸೂ ಅದರ ಜೊತೆ ಮುಂದಕ್ಕೆ ಹೋಗುತ್ತೆ ಅನ್ನೋದು ಹೊಳೀಲೇ ಇಲ್ಲ. 9ನೇ ತಾರೀಕು ಮಳೇಲಿ ಮೆಟ್ರೋ ಸ್ಟೇಶನ್ ಮೆಟ್ಟಿಲ ಮೇಲೆ ಜಾರಿ ಬಿದ್ದು ಪಾದ ಊದ್ಕೊಂಡು ಎಕ್ಸ್‌ರೇ, ಕಟ್ಟು, ಊರುಗೋಲು ಅಂತ ಎಲ್ಲಾ ಕೈಯಿಂದಲೇ ಕೊಟ್ಟ. ಮೂಳೆ ಮುರಿದಿರ್ಲಿಲ್ಲ, ಅದಕ್ಕೆ ಕೆಲವು ನೂರು ಯೂರೋದಲ್ಲಿ ಮುಗೀತು. ಆಪರೇಶನ್ ಏನಾದ್ರೂ ಆಗಿದ್ರೆ ಸಾವಿರಗಟ್ಟಲೆ ಹೋಗ್ತಿತ್ತು.

ಅದಕ್ಕೇ ಹೇಳೋದು, ಬರುವಾಗ ತಗೊಳೋ ಪಾಲಿಸಿ ಜಾಯ್ನಿಂಗ್ ಡೇಟ್ ದಾಟಿ ಇನ್ನೊಂದು ತಿಂಗಳಾದ್ರೂ ಇರಲಿ. ಇನ್ನೊಂದು ವಿಷಯ, ಈ ಪಾಲಿಸಿಗಳು ಸಾಮಾನ್ಯವಾಗಿ ಹಳೇ ಕಾಯಿಲೆ ಕವರ್ ಮಾಡಲ್ಲ, ಬಸುರಿ ತಪಾಸಣೆನೂ ಮಾಡಲ್ಲ. ಶುಗರ್, ಥೈರಾಯ್ಡ್ ಇರೋರು ಎರಡು ಮೂರು ತಿಂಗಳ ಮಾತ್ರೆ ಪ್ರಿಸ್ಕ್ರಿಪ್ಶನ್ ಸಮೇತ ಊರಿಂದಲೇ ತಂದ್ಕೊಳಿ.

ಇನ್ನು ಸೇರೋದು ಹೇಗೆ ಅಂದ್ರೆ, ಇಲ್ಲಿ ಸರ್ಕಾರಿ ಇನ್ಶುರೆನ್ಸ್ ಅಂದ್ರೂ ಒಂದೇ ಆಫೀಸ್ ಇಲ್ಲ, ಕ್ರಾಂಕೆನ್‌ಕಾಸೆ ಅಂತ ಹತ್ತಾರು ಇವೆ, ಅದರಲ್ಲಿ ಒಂದನ್ನ ನೀವೇ ಆರಿಸ್ಕೊಬೇಕು. ಟ್ರೀಟ್‌ಮೆಂಟ್ ಬಹುಪಾಲು ಎಲ್ಲದ್ರಲ್ಲೂ ಒಂದೇ, ಯಾಕಂದ್ರೆ ಅದು ಕಾನೂನಲ್ಲೇ ಬರೆದಿದೆ. ವ್ಯತ್ಯಾಸ ಇರೋದು ಹೆಚ್ಚುವರಿ ಪರ್ಸೆಂಟಲ್ಲಿ, ಮತ್ತೆ ಇಂಗ್ಲಿಷಲ್ಲಿ ಫೋನ್ ಎತ್ತುತಾರಾ ಇಲ್ವಾ ಅನ್ನೋದ್ರಲ್ಲಿ. ಆನ್‌ಲೈನ್ ಫಾರ್ಮ್ ಹತ್ತು ನಿಮಿಷದ ಕೆಲಸ, ಪಾಸ್‌ಪೋರ್ಟ್, ಕಂಪನಿ ಹೆಸರು, ಜಾಯ್ನಿಂಗ್ ಡೇಟ್ ಇದ್ರೆ ಊರಲ್ಲಿ ಕೂತೇ ತುಂಬಬಹುದು. ಕೆಲಸ ಶುರುವಾಗಿ 14 ದಿನದೊಳಗೆ ನೀವು ಆರಿಸ್ಲಿಲ್ಲ ಅಂದ್ರೆ ಕಂಪನಿಯೇ ಯಾವುದೋ ಒಂದಕ್ಕೆ ಸೇರಿಸುತ್ತೆ, ಕವರ್ ಏನೂ ತಪ್ಪಲ್ಲ. ದುಡ್ಡಿನ ಲೆಕ್ಕ 2025ರಲ್ಲಿ 14.6 ಪರ್ಸೆಂಟ್, ಮೇಲೆ ಕಾಸೆಯ ಹೆಚ್ಚುವರಿ ಸರಾಸರಿ 2.5, ಅದರಲ್ಲಿ ಅರ್ಧ ಕಂಪನಿದು. ತಿಂಗಳಿಗೆ 4,800 ಯೂರೋ ಸಂಬಳ ಇದ್ರೆ ನಿಮ್ಮ ಪಾಲು ಸುಮಾರು 410, ಸಂಬಳದಲ್ಲೇ ಮುರ್ಕೊತಾರೆ. ಪ್ರತಿ ಜನವರಿಗೆ ಈ ಅಂಕಿ ಸ್ವಲ್ಪ ಆಚೆ ಈಚೆ ಆಗುತ್ತೆ.

ಸಂಬಳ ಜಾಸ್ತಿ ಇರೋರು ಇಲ್ಲಿ ಸ್ವಲ್ಪ ಎಚ್ಚರ. ವರ್ಷಕ್ಕೆ 73,800 ಯೂರೋ (ಇದೂ 2025ರದ್ದು) ಮೀರಿದ್ರೆ ಸರ್ಕಾರಿದಕ್ಕೆ ಸೇರಲೇಬೇಕು ಅಂತಿಲ್ಲ, ಪ್ರೈವೇಟ್‌ಗೂ ಹೋಗಬಹುದು. ಜರ್ಮನಿಯಲ್ಲಿ ಮೊದಲನೇ ಕೆಲಸ ಆದ್ರೆ ಸರ್ಕಾರಿದಕ್ಕೆ ನಾವಾಗೇ ಸೇರ್ತೀವಿ ಅಂತ ಹೇಳೋಕೆ ಮೂರು ತಿಂಗಳು ಟೈಮ್ ಇದೆ, ಆಮೇಲೆ ಆ ಬಾಗಿಲು ಮುಚ್ಚುತ್ತೆ. ಬಂದ ಹೊಸದರಲ್ಲೇ ಏಜೆಂಟರು ಫೋನ್ ಮಾಡಿ ಪ್ರೈವೇಟ್ ಚೀಪ್ ಸಾರ್ ಅಂತಾರೆ, ಒಂಟಿಯಾಗಿ 28 ವಯಸ್ಸಿಗೆ ಇರುವಾಗ ನಿಜವಾಗ್ಲೂ ಚೀಪೇ, ಆದ್ರೆ ಅಲ್ಲಿ ಹೆಂಡತಿಗೊಂದು ಪ್ರೀಮಿಯಂ, ಮಗುಗೊಂದು ಪ್ರೀಮಿಯಂ, ಹಳೇ ಕಾಯಿಲೆಗೆ ಇನ್ನೊಂದಿಷ್ಟು. ಸಂಸಾರ ಕರ್ಕೊಂಡು ಬರೋ ಪ್ಲಾನ್ ಇದ್ರೆ ನಾನಂತೂ ಆ ಕಡೆ ತಲೆ ಹಾಕಬೇಡಿ ಅಂತೀನಿ.

ವೇಟಿಂಗ್ ಪೀರಿಯಡ್ ಎಷ್ಟು ಅಂತ ಎಲ್ಲರೂ ಕೇಳ್ತಾರೆ, ಊರಲ್ಲಿ ಪಾಲಿಸಿ ತಗೊಂಡ್ರೆ ಹಳೇ ಕಾಯಿಲೆಗೆ ಎರಡು ಮೂರು ವರ್ಷ ಕಾಯಿಸಿ ಅಭ್ಯಾಸ ಅಲ್ವಾ. ಇಲ್ಲಿ ಸರ್ಕಾರಿದ್ರಲ್ಲಿ ಅದು ಇಲ್ಲವೇ ಇಲ್ಲ, ಮೊದಲನೇ ದಿನದಿಂದ ಹಳೇ ಕಾಯಿಲೆಗೂ ಇದೆ, ಹೆರಿಗೆಗೂ ಇದೆ. ಕಾಯೋದು ಅಂತ ಇರೋದು ಸಂಬಳದ ವಿಷಯದಲ್ಲಿ ಮಾತ್ರ: ಹುಷಾರಿಲ್ಲದೆ ರಜ ಹಾಕಿದ್ರೆ ಕಂಪನಿ ಸಂಬಳ ಕೊಡಬೇಕು ಅನ್ನೋ ನಿಯಮ ಕೆಲಸಕ್ಕೆ ಸೇರಿ ನಾಲ್ಕು ವಾರ ಆದ ಮೇಲೆ ಶುರು. ಆ ನಾಲ್ಕು ವಾರದೊಳಗೆ ಮಲಗಿದ್ರೆ ಕಂಪನಿ ಕೊಡಬೇಕಾಗಿಲ್ಲ, ಕಾಸೆಯಿಂದ ಕ್ರಾಂಕೆನ್‌ಗೆಲ್ಟ್ ಅಂತ ಬರುತ್ತೆ, ಒಟ್ಟು ಸಂಬಳದ 70 ಪರ್ಸೆಂಟ್ ತರ. ಅದು ಲೆಕ್ಕ ಆಗೋದು ಡಾಕ್ಟರ್ ಸರ್ಟಿಫಿಕೇಟ್ ಕೊಟ್ಟ ದಿನದಿಂದ, ಆದ್ರಿಂದ ಮೊದಲ ತಿಂಗಳಲ್ಲಿ ಜ್ವರ ಬಂದ್ರೆ ಡೋಲೋ ನುಂಗಿ ಮೂರು ದಿನ ನೋಡೋಣ ಅಂತ ಕೂರಬೇಡಿ, ಅವತ್ತೇ ಡಾಕ್ಟರ್ ಹತ್ರ ಹೋಗಿ.

ಕಾರ್ಡ್ ಬಂದಿಲ್ವಲ್ಲ ಹೇಗೆ ಹೋಗೋದು ಅಂದ್ರೆ, ಕಾಸೆಗೆ ಫೋನ್ ಮಾಡಿ ಅಥವಾ ಆ್ಯಪಲ್ಲಿ ಎರ್ಜಾಟ್ಸ್‌ಬೆಶೈನಿಗುಂಗ್ ಕೇಳಿ, ಕಾರ್ಡ್ ಬದಲಿಗೆ ತೋರಿಸೋ ಒಂದು ಹಾಳೆ ಅಷ್ಟೇ, ಪಿಡಿಎಫ್ ಕಳಿಸ್ತಾರೆ. ಏನೂ ತೋರಿಸದೆ ಹೋದ್ರೆ 10 ದಿನ ನೋಡಿ ಕ್ಲಿನಿಕ್‌ನೋರು ಪ್ರೈವೇಟ್ ಬಿಲ್ ಹಾಕಬಹುದು. ಆದ್ರೆ ಆ ಮೂರು ತಿಂಗಳ ಕ್ವಾರ್ಟರ್ ಮುಗಿಯೋದ್ರೊಳಗೆ ಕಾರ್ಡ್ ಅಥವಾ ಆ ಹಾಳೆ ತಗೊಂಡೋಗಿ ತೋರಿಸಿದ್ರೆ ಕಟ್ಟಿದ ದುಡ್ಡು ವಾಪಸ್ ಕೊಡಬೇಕು. ಅಂದ್ರೆ ಮಾರ್ಚ್ 25ಕ್ಕೆ ಡಾಕ್ಟರ್ ಹತ್ರ ಹೋದೋರು ಏಪ್ರಿಲ್‌ನಲ್ಲಿ ತೋರಿಸಿದ್ರೆ ಕ್ವಾರ್ಟರ್ ದಾಟಿರುತ್ತೆ, ಆಗ ದುಡ್ಡು ವಾಪಸ್ ಕೇಳೋದು ಕಷ್ಟ.

ಕಾರ್ಡ್ ತಡ ಆಗೋಕೆ ನಾನು ನೋಡಿದ ದೊಡ್ಡ ಕಾರಣ ಪೋಸ್ಟ್ ಡಬ್ಬಿ. ಇಲ್ಲಿ ಡಬ್ಬಿ ಮೇಲೆ ನಿಮ್ಮ ಹೆಸರು ಇಲ್ಲ ಅಂದ್ರೆ ಪೋಸ್ಟ್‌ಮ್ಯಾನ್ ಕವರ್ ವಾಪಸ್ ತಗೊಂಡು ಹೋಗ್ತಾನೆ, ಪಕ್ಕದ ಮನೆ ಆಂಟಿ ಹತ್ರ ಕೇಳಲ್ಲ. ನಮ್ಮೋರ ಹೆಸರು ಬೇರೆ, ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ, ಇಲ್ಲ ಅಪ್ಪನ ಹೆಸರು, ಇಲ್ಲ ಊರಿನ ಹೆಸರು. ಪಾಸ್‌ಪೋರ್ಟಲ್ಲಿ ಹೇಗಿದೆಯೋ ಹಾಗೇ ಕಾಸೆ ಫಾರ್ಮಲ್ಲೂ ಹಾಕಿ, ಡಬ್ಬಿ ಮೇಲೂ ಅದೇ ಹೆಸರನ್ನ ಟೇಪ್ ಹಾಕಿ ಅಂಟಿಸಿ. ಟೆಂಪರರಿ ಮನೇಲಿದ್ರೆ ಓನರ್ ಹೆಸರನ್ನ ಕೇರ್ ಆಫ್ ಅಂತ ಸೇರಿಸಿ.

ಹೆಂಡತಿ ಅಥವಾ ಗಂಡ, ಮಕ್ಕಳು ಆಮೇಲೆ ಬಂದ್ರೆ ಫಮಿಲಿಯೆನ್‌ಫೆರ್ಜಿಶೆರುಂಗ್, ಒಂದು ಪೈಸೆ ಹೆಚ್ಚಿಗೆ ಇಲ್ಲದೆ ನಿಮ್ಮದ್ರಲ್ಲೇ ಸೇರ್ತಾರೆ. ಅವರು ಇಲ್ಲಿ ಬಂದು ವಾಸ ಶುರು ಮಾಡಿದ ದಿನದಿಂದ ಕವರ್, ಫಾರ್ಮ್ ಎರಡು ವಾರ ತಡವಾಗಿ ಕೊಟ್ರೂ ಹಿಂದಿನ ಡೇಟಿಂದಲೇ ಲೆಕ್ಕ. ನಮ್ಮಲ್ಲಿ ಗಂಡ ಹೆಂಡತಿ ಮಗು ಮೂವರಿಗೂ ಕೊನೇ ಹೆಸರು ಬೇರೆ ಬೇರೆ ಇರೋದ್ರಿಂದ ಮ್ಯಾರೇಜ್ ಸರ್ಟಿಫಿಕೇಟ್, ಬರ್ತ್ ಸರ್ಟಿಫಿಕೇಟ್ ಕೇಳೇ ಕೇಳ್ತಾರೆ, ಸ್ಕ್ಯಾನ್ ಮಾಡಿ ಇಟ್ಕೊಳಿ. ಇಲ್ಲಿ ಎಲ್ಲರೂ ಮರೆಯೋದು ಆದಾಯದ ಮಿತಿ. 2025ರಲ್ಲಿ ಹೆಂಡತಿಯ ಆದಾಯ ತಿಂಗಳಿಗೆ 535 ಯೂರೋ ಮೀರೋ ಹಾಗಿಲ್ಲ, ಅದರಲ್ಲಿ ಬೆಂಗಳೂರಿನ ಮನೆ ಬಾಡಿಗೆ ಅವರ ಹೆಸರಲ್ಲಿ ಬರ್ತಿದ್ರೆ ಅದೂ ಸೇರುತ್ತೆ. ಊರಿನ ದುಡ್ಡು ಯಾರಿಗೆ ಗೊತ್ತಾಗುತ್ತೆ ಅಂತ ಬರೀದೇ ಬಿಟ್ಟು ಮುಂದೆ ಗೊತ್ತಾದ್ರೆ ಹಿಂದಿನ ತಿಂಗಳುಗಳ ಕಂತು ಕೇಳ್ತಾರೆ. ಅಪ್ಪ ಅಮ್ಮನ್ನ ಇದರಲ್ಲಿ ಸೇರಿಸೋಕಾಗಲ್ಲ, ಅವರು ವಿಸಿಟ್‌ಗೆ ಬಂದಾಗ ಟ್ರಾವೆಲ್ ಪಾಲಿಸೀನೇ.

ಎರಡನೇ ದೊಡ್ಡ ತೂತು ಕೆಲಸ ಹೋದಾಗ. ಪ್ರೊಬೇಶನ್‌ನಲ್ಲಿ ಎರಡು ವಾರದ ನೋಟಿಸ್ ಅಷ್ಟೇ, ಮತ್ತೆ 12 ತಿಂಗಳು ಕೆಲಸ ಮಾಡಿಲ್ಲ ಅಂದ್ರೆ ನಿರುದ್ಯೋಗ ಭತ್ಯೆ ಇಲ್ಲ, ಭತ್ಯೆ ಇದ್ದಿದ್ರೆ ಕಾಸೆ ಕಂತನ್ನ ಆ ಆಫೀಸೇ ಕಟ್ತಿತ್ತು. ಕವರ್ ನಿಲ್ಲಲ್ಲ, ಅದು ಸ್ವಯಂ ಸದಸ್ಯತ್ವ ಅಂತ ತಾನಾಗೇ ಮುಂದುವರೀತದೆ, ಆದ್ರೆ ಪೂರ್ತಿ ಕಂತು ನಿಮ್ಮ ತಲೆ ಮೇಲೆ. ಆಗ ಕಾಸೆಯಿಂದ ಆದಾಯ ಎಷ್ಟು ಅಂತ ಕೇಳೋ ಒಂದು ಫಾರ್ಮ್ ಬರುತ್ತೆ. ಅದನ್ನ ತುಂಬಿ ಆದಾಯ ಇಲ್ಲ ಅಂತ ಬರೆದ್ರೆ 2025ರ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 260 ಯೂರೋ. ಜರ್ಮನ್ ಕಾಗದ ನೋಡಿ ಭಯ ಆಗಿ ಡ್ರಾಯರ್‌ಗೆ ಹಾಕಿದ್ರೆ, ಇವರಿಗೆ ದೊಡ್ಡ ಸಂಬಳ ಇದೆ ಅಂತಲೇ ಲೆಕ್ಕ ಹಿಡಿದು 1,100ರ ಮೇಲೆ ಬಿಲ್ ಕಳಿಸ್ತಾರೆ. ನಮ್ಮ ಪರಿಚಯದ ಒಬ್ಬರಿಗೆ ಹೀಗೇ ಎರಡು ತಿಂಗಳ ಬಿಲ್ ಒಟ್ಟಿಗೆ ಬಂದು ಕೂತಿತ್ತು, ಪುರಾವೆ ಕೊಟ್ಟು ಸರಿ ಮಾಡಿಸಿದ್ರು, ಆದ್ರೆ ಆ ವಾರಗಳು ಅವರಿಗೆ ನಿದ್ದೆ ಇರ್ಲಿಲ್ಲ. ಇಬ್ಬರೂ ಕೆಲಸಕ್ಕೆ ಹೋಗೋ ದಂಪತಿಯಾಗಿ ಇನ್ನೊಬ್ಬರು ಸರ್ಕಾರಿ ಕಾಸೇಲಿದ್ರೆ ತಕ್ಷಣ ಅವರದ್ರಲ್ಲಿ ಫ್ಯಾಮಿಲಿ ಆಗಿ ಸೇರ್ಕೊಳಿ, ಪುಕ್ಕಟೆ.

ಮೂರನೇದು ಊರಿಗೆ ಹೋದಾಗ. ಈ ಕಾರ್ಡ್ ಯುರೋಪಲ್ಲಿ ಬಹಳ ಕಡೆ ನಡೆಯುತ್ತೆ, ಇಂಡಿಯಾದಲ್ಲಿ ನಡೆಯಲ್ಲ. ಮೈಸೂರಲ್ಲಿ ಡೆಂಗ್ಯೂ ಬಂದು ಆಸ್ಪತ್ರೇಲಿ ಮಲಗಿದ್ರೆ ಕಾಸೆ ಕೊಡಲ್ಲ. ಅದಕ್ಕೆ ವರ್ಷಕ್ಕೆ ಒಬ್ಬರಿಗೆ ಹತ್ತು ಇಪ್ಪತ್ತು ಯೂರೋಗೆ ಸಿಗೋ ಫಾರಿನ್ ಟ್ರಾವೆಲ್ ಪಾಲಿಸಿ ತಗೊಳಿ, ಸಾಮಾನ್ಯವಾಗಿ ಒಂದೊಂದು ಪ್ರಯಾಣಕ್ಕೆ ಆರರಿಂದ ಎಂಟು ವಾರ ನಡೆಯುತ್ತೆ, ನಿಮ್ಮ ಪಾಸ್‌ಪೋರ್ಟ್ ಇರೋ ದೇಶಕ್ಕೂ ಕವರ್ ಇದೆಯಾ ಅನ್ನೋ ಸಾಲು ಮಾತ್ರ ಓದಿ ತಗೊಳಿ. ತಂಗಿ ಮದುವೆ ಅಂತ ಸಂಬಳ ಇಲ್ಲದ ರಜ ಹಾಕೋರು ಇನ್ನೊಂದು ನೋಡ್ಕೊಬೇಕು: ಅಂಥ ರಜ ಒಂದು ತಿಂಗಳು ದಾಟಿದ್ರೆ ಕಂಪನಿ ಮೂಲಕ ಇರೋ ಸದಸ್ಯತ್ವ ಅಲ್ಲಿಗೆ ನಿಲ್ಲುತ್ತೆ, ಮೇಲೆ ಹೇಳಿದ ಅದೇ ಆದಾಯದ ಫಾರ್ಮ್ ಮನೆಗೆ ಬರುತ್ತೆ, ನೀವು ಊರಲ್ಲಿ ಇರ್ತೀರ. ಐದು ವಾರ ಬೇಕು ಅಂದ್ರೆ ಮಧ್ಯೆ ಒಂದು ವಾರ ಸಂಬಳದ ರಜ ಸೇರಿಸೋಕಾಗುತ್ತಾ ಅಂತ ಟಿಕೆಟ್ ಬುಕ್ ಮಾಡೋ ಮುಂಚೆ ಎಚ್‌ಆರ್ ಹತ್ರ ಕೇಳಿ ನೋಡಿ, ಮತ್ತೆ ಪೋಸ್ಟ್ ಡಬ್ಬಿ ಕೀ ಪಕ್ಕದ ಮನೆಯೋರಿಗೆ ಕೊಟ್ಟು ಹೋಗಿ.